ವೆಂಡರ್ ಅಗ್ರಿಮೆಂಟಿನ ಮೂರು ಷರತ್ತು: ಬಿಡಿಯಾಗಿ ಓದಬೇಡಿ

(ಸಣ್ಣ ಮತ್ತು ಮಧ್ಯಮ ಕಂಪನಿಗಳ ಅಕೌಂಟ್ಸ್, ಎಚ್‌ಆರ್, ಪರ್ಚೇಸ್ ವಿಭಾಗದವರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವೆಂಡರ್ ಕಡೆಯಿಂದ ಮೂವತ್ತು ನಲವತ್ತು ಪುಟದ ಅಗ್ರಿಮೆಂಟ್ ಬರುತ್ತದೆ. ನಾವು ರೇಟು ನೋಡ್ತೀವಿ, ಏನೇನು ಕೆಲಸ ಮಾಡಿಕೊಡ್ತಾರೆ ಅಂತ ನೋಡ್ತೀವಿ, ಪೇಮೆಂಟ್ ಎಷ್ಟು ದಿನಕ್ಕೆ ಅಂತ ನೋಡ್ತೀವಿ. ಅದಾದ ಮೇಲೆ ಬರುವ ಪುಟಗಳಿಗೆ "ಇದೆಲ್ಲ ಸ್ಟ್ಯಾಂಡರ್ಡ್ ಸರ್" ಅನ್ನೋ ಮಾತು ಕೇಳಿ ಮುಂದಕ್ಕೆ ಹೋಗ್ತೀವಿ. ನಾನು ಇವತ್ತು ಮಾತಾಡೋದು ಆ ಪುಟಗಳ ಬಗ್ಗೆ. ಅದರಲ್ಲೂ ಮೂರೇ ಷರತ್ತು: ಇಂಡೆಮ್ನಿಟಿ, ಲಿಮಿಟೇಷನ್ ಆಫ್ ಲಯಬಿಲಿಟಿ, ಟರ್ಮಿನೇಷನ್.

ಇವು ಮೂರು ಬೇರೆ ಬೇರೆ ವಿಷಯ ಅಂತ ಕಾಣುತ್ತದೆ. ಒಂದು ನಷ್ಟ ತುಂಬಿಕೊಡುವ ಮಾತು, ಇನ್ನೊಂದು ಮಿತಿಯ ಮಾತು, ಮತ್ತೊಂದು ಬಿಟ್ಟು ಹೋಗುವ ಮಾತು. ಆದರೆ ಮೂರೂ ಸೇರಿ ಉತ್ತರ ಕೊಡೋದು ಒಂದೇ ಪ್ರಶ್ನೆಗೆ. ಕೆಲಸ ಕೆಟ್ಟರೆ ಯಾರ ಜೇಬಿನಿಂದ ಎಷ್ಟು ಹೋಗುತ್ತದೆ? ಬಿಡಿಬಿಡಿಯಾಗಿ ಓದಿದರೆ ಮೂರೂ ಚೆನ್ನಾಗೇ ಇರುತ್ತವೆ. ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರೆ ಮಾತ್ರ ನಿಜ ಗೊತ್ತಾಗುತ್ತದೆ. ಅದಕ್ಕೇ ಒಂದು ಉದಾಹರಣೆ ಕಟ್ಟಿಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ.

ಪೀಣ್ಯದಲ್ಲಿ ಒಂದು ಕಾರ್ಖಾನೆ ಇದೆ ಅಂದುಕೊಳ್ಳಿ. 600 ಜನ ಕೆಲಸಗಾರರು. ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ, ಟಿಡಿಎಸ್ ಎಲ್ಲ ನೋಡಿಕೊಳ್ಳೋಕೆ ಒಬ್ಬ ಪೇರೋಲ್ ವೆಂಡರ್‌ಗೆ ಕೆಲಸ ಕೊಡುತ್ತಾರೆ. ತಿಂಗಳಿಗೆ 2 ಲಕ್ಷ ಫೀಸು, ಮೂರು ವರ್ಷದ ಅಗ್ರಿಮೆಂಟು. ಅಂದರೆ ಒಟ್ಟು 72 ಲಕ್ಷ. ಅಗ್ರಿಮೆಂಟ್ ವೆಂಡರ್‌ದೇ, ಕಾರ್ಖಾನೆಯವರು ಸಹಿ ಹಾಕಬೇಕು. ನಾವು ಕಾರ್ಖಾನೆಯವರ ಪರ ಓದ್ತಾ ಇದ್ದೀವಿ.

ಮೊದಲು ಷರತ್ತುಗಳನ್ನು ಹುಡುಕಬೇಕು. ತಲೆಬರಹ ನೋಡಿ ಹುಡುಕಿದರೆ ಅರ್ಧ ಸಿಗುತ್ತದೆ, ಅಷ್ಟೇ. ಇಂಡೆಮ್ನಿಟಿ ಅನ್ನೋ ತಲೆಬರಹದ ಕೆಳಗೆ ವೆಂಡರ್ ಕೊಡುವ ಇಂಡೆಮ್ನಿಟಿ ಇರುತ್ತದೆ, ನೀವು ಕೊಡುವುದು ಎಲ್ಲೋ "ಗ್ರಾಹಕರ ಜವಾಬ್ದಾರಿಗಳು" ಅನ್ನೋ ಕಡೆ, ಇಂಡೆಮ್ನಿಟಿ ಅನ್ನೋ ಪದವೇ ಇಲ್ಲದೆ ಕೂತಿರುತ್ತದೆ. ಹಾಗಾಗಿ ಫೈಲನ್ನು ತೆರೆದು ಈ ಪದಗಳನ್ನು ಒಂದೊಂದಾಗಿ ಸರ್ಚ್ ಮಾಡಿ. ಕೆಲವನ್ನು ಪೂರ್ತಿ ಬರೆದಿಲ್ಲ, ಬೇಕೆಂದೇ. ಅರ್ಧ ಪದ ಹಾಕಿದರೆ ಅದರ ಎಲ್ಲ ರೂಪಗಳೂ ಸಿಗುತ್ತವೆ.

```
indemn
harmless
make good
in no event
aggregate
remedy
notwithstanding
subject to
terminat
renew
surviv
```

ಅನೆಕ್ಷರ್, ಸೇವೆ ಹೇಗಿರಬೇಕು, ಎಷ್ಟು ಹೊತ್ತಿಗೆ ಆಗಬೇಕು ಅಂತ ಬರೆದಿರುವ ಎಸ್‌ಎಲ್‌ಎ ಶೆಡ್ಯೂಲು, ಪರ್ಚೇಸ್ ಆರ್ಡರಿನ ಹಿಂಬದಿಯ ಷರತ್ತುಗಳು, ಇವುಗಳಲ್ಲೂ ಹುಡುಕಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಕಳಿಸಿದ್ದರೆ ಸರ್ಚ್ ಕೆಲಸ ಮಾಡಲ್ಲ, ವರ್ಡ್ ಫೈಲ್ ಕೇಳಿ. ಸಿಕ್ಕಿದ್ದನ್ನೆಲ್ಲ ಒಂದೇ ಹಾಳೆಗೆ ತಂದು ಅಕ್ಕಪಕ್ಕ ಇಟ್ಟುಕೊಳ್ಳಿ. ಈ ಹಾಳೆ ಇಲ್ಲದೆ ಮುಂದಿನ ಕೆಲಸ ಆಗಲ್ಲ.

ನಮ್ಮ ಪೇರೋಲ್ ಅಗ್ರಿಮೆಂಟಿನ 11ನೇ ಷರತ್ತು ಇಂಡೆಮ್ನಿಟಿ. ಅದರ ಸಾರ ಹೀಗಿದೆ: ವೆಂಡರ್‌ನ ಗ್ರಾಸ್ ನೆಗ್ಲಿಜೆನ್ಸ್‌ನಿಂದ ಅಥವಾ ಬೇಕೆಂದೇ ಮಾಡಿದ ತಪ್ಪಿನಿಂದ ಮೂರನೆಯವರು ಗ್ರಾಹಕರ ಮೇಲೆ ಕ್ಲೇಮ್ ಹೂಡಿದರೆ, ನ್ಯಾಯಾಲಯ ಅಂತಿಮವಾಗಿ ತೀರ್ಮಾನಿಸಿದ ಮೊತ್ತವನ್ನು, 13ನೇ ಷರತ್ತಿಗೆ ಒಳಪಟ್ಟು, ವೆಂಡರ್ ತುಂಬಿಕೊಡುತ್ತಾನೆ.

ಓದೋಕೆ ಚೆನ್ನಾಗಿದೆ, ಅಲ್ವಾ? ಈಗ ನಿಧಾನವಾಗಿ ನೋಡಿ. ಇದರಲ್ಲಿ ನಾಲ್ಕು ಕಡೆ ಬಾಗಿಲು ಹಾಕಿದ್ದಾರೆ. ಸಾಮಾನ್ಯ ಅಜಾಗರೂಕತೆ ಸಾಲದು, ಗ್ರಾಸ್, ಅಂದರೆ ತೀರಾ ಅತಿಯಾದ ಅಜಾಗರೂಕತೆ ಆಗಬೇಕು. ಅದು ಎಲ್ಲಿ ಶುರುವಾಗುತ್ತದೆ ಅಂತ ಅಗ್ರಿಮೆಂಟಿನಲ್ಲಿ ಬರೆದಿಲ್ಲ, ಹಾಗಾಗಿ ವಾದ ಅಲ್ಲಿಂದಲೇ ಶುರುವಾಗುತ್ತದೆ. ಎರಡನೆಯದು, ಮೂರನೆಯವರು ಕ್ಲೇಮ್ ಹೂಡಬೇಕು, ನಿಮ್ಮದೇ ಕೈಯಿಂದ ಆದ ಖರ್ಚು ಇದರಲ್ಲಿ ಬರಲ್ಲ. ಮೂರನೆಯದು, ಕೋರ್ಟು ಅಂತಿಮವಾಗಿ ತೀರ್ಮಾನಿಸಬೇಕು, ಅಂದರೆ ಅಪೀಲೂ ಮುಗಿಯಬೇಕು, ಮಧ್ಯೆ ರಾಜಿ ಮಾಡಿಕೊಂಡರೆ ಆ ದುಡ್ಡು ಸಿಗಲ್ಲ. ಇನ್ನು 13ಕ್ಕೆ ಒಳಪಟ್ಟು ಅನ್ನೋದು, ಅದಕ್ಕೆ ಆಮೇಲೆ ಬರ್ತೀನಿ.

ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ಗೊತ್ತಿದ್ದರೆ ಮಾತುಕತೆಗೆ ಬಲ ಬರುತ್ತದೆ. 1872ರ ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 124ರ ಪ್ರಕಾರ ಇಂಡೆಮ್ನಿಟಿ ಅಂದರೆ, ಮಾತು ಕೊಟ್ಟವನ ನಡತೆಯಿಂದಲೋ ಬೇರೆ ಯಾರದೋ ನಡತೆಯಿಂದಲೋ ಆಗುವ ನಷ್ಟದಿಂದ ಇನ್ನೊಬ್ಬರನ್ನು ಕಾಪಾಡ್ತೀನಿ ಅನ್ನೋ ಕರಾರು. ಮೂರನೆಯವರು ಕೇಸ್ ಹಾಕಿದರೆ ಮಾತ್ರ ಅಂತ ಆ ಸೆಕ್ಷನ್ ಹೇಳಲ್ಲ. ಹಾಗೆ ಕಿರಿದು ಮಾಡೋದು ಡ್ರಾಫ್ಟ್ ಬರೆದವರು. ಸೆಕ್ಷನ್ 125 ಇನ್ನೂ ಮುಂದೆ ಹೋಗಿ, ಕೇಸಿನಲ್ಲಿ ಕಟ್ಟಬೇಕಾಗಿ ಬಂದ ಪರಿಹಾರ, ಕೋರ್ಟ್ ಖರ್ಚು, ವಿವೇಕದಿಂದ ಮಾಡಿಕೊಂಡ ರಾಜಿಯ ಮೊತ್ತ, ಇವನ್ನೂ ವಸೂಲಿ ಮಾಡಬಹುದು ಅನ್ನುತ್ತದೆ. ನಷ್ಟ ಕೈಯಿಂದ ಹೋಗುವವರೆಗೂ ಕಾಯಬೇಕಾಗಿಲ್ಲ ಅಂತ ಬಾಂಬೆ ಹೈಕೋರ್ಟ್ 1942ರಲ್ಲೇ ಗಜಾನನ ಮೊರೇಶ್ವರ ಕೇಸಿನಲ್ಲಿ ಹೇಳಿದೆ. "ಅಂತಿಮವಾಗಿ ತೀರ್ಮಾನಿಸಿದ" ಅನ್ನೋ ಎರಡು ಪದ ಈ ಅನುಕೂಲವನ್ನೆಲ್ಲ ಕಿತ್ತುಕೊಳ್ಳುತ್ತದೆ. ಆ ಪದಗಳನ್ನು ತೆಗೆಸೋದು ಕಷ್ಟವಲ್ಲ, ಕೇಳಬೇಕು ಅಷ್ಟೇ.

ಇನ್ನು ನಿಮ್ಮ ಕಡೆಯ ಇಂಡೆಮ್ನಿಟಿ. ಅದು 6.4ರಲ್ಲಿದೆ. ಗ್ರಾಹಕರು ಕೊಟ್ಟ ಮಾಹಿತಿಯಿಂದ ಅಥವಾ ಸೇವೆಯ ಬಳಕೆಯಿಂದ ವೆಂಡರ್‌ಗೆ ಆಗುವ ಯಾವುದೇ ನಷ್ಟವನ್ನು ಗ್ರಾಹಕರು ತುಂಬಿಕೊಡಬೇಕು. ಇಲ್ಲಿ ಗ್ರಾಸ್ ಇಲ್ಲ, ಮೂರನೆಯವರಿಲ್ಲ, ಅಂತಿಮ ತೀರ್ಮಾನ ಇಲ್ಲ, 13ಕ್ಕೆ ಒಳಪಟ್ಟು ಅನ್ನೋದೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ಈ ವ್ಯತ್ಯಾಸ ಕಣ್ಣಿಗೆ ಬೀಳೋದು.

ಈಗ 13ನೇ ಷರತ್ತು, ಮಿತಿಯದ್ದು. ಎಲ್ಲರೂ ಇದನ್ನು ಕ್ಯಾಪ್ ಅಂತಲೇ ಕರೀತಾರೆ. ಅದು ಹೇಳೋದು ಇಷ್ಟು: ಯಾವುದೇ ಸಂದರ್ಭದಲ್ಲಿ ವೆಂಡರ್‌ನ ಒಟ್ಟು ಹೊಣೆ, ಘಟನೆಗೆ ಹಿಂದಿನ ಮೂರು ತಿಂಗಳಲ್ಲಿ ಗ್ರಾಹಕರು ಪಾವತಿಸಿದ ಫೀಸನ್ನು ಮೀರುವುದಿಲ್ಲ. ಇಂಡೈರೆಕ್ಟ್, ಕಾನ್ಸಿಕ್ವೆನ್ಷಿಯಲ್ ನಷ್ಟಗಳಿಗೆ, ಡೇಟಾ ನಷ್ಟಕ್ಕೆ, ವ್ಯವಹಾರದ ನಷ್ಟಕ್ಕೆ, ಅದು ನೇರವಾಗಿದ್ದರೂ ಪರೋಕ್ಷವಾಗಿದ್ದರೂ, ವೆಂಡರ್ ಹೊಣೆಯಲ್ಲ.

ಇದರಲ್ಲಿ "ಪಾವತಿಸಿದ" ಅನ್ನೋ ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಸೇವೆ ಏಪ್ರಿಲ್ 1ಕ್ಕೆ ಶುರು. ಮೊದಲ ಬಿಲ್ಲು ಏಪ್ರಿಲ್ 30ಕ್ಕೆ ಬರುತ್ತದೆ. 45 ದಿನದ ಕ್ರೆಡಿಟ್ ಇದೆ, ನೀವು ಜೂನ್ ಮಧ್ಯದಲ್ಲಿ ದುಡ್ಡು ಕಟ್ಟುತ್ತೀರಿ. ಮೇ 10ಕ್ಕೆ ಏನಾದರೂ ಆಯ್ತು ಅಂದುಕೊಳ್ಳಿ. ಹಿಂದಿನ ಮೂರು ತಿಂಗಳಲ್ಲಿ ನೀವು ಪಾವತಿಸಿದ್ದು ಎಷ್ಟು? ಸೊನ್ನೆ. ಹಾಗಾದರೆ ವೆಂಡರ್‌ನ ಹೊಣೆಯೂ ಸೊನ್ನೆ. ಹೊಸ ಸಿಸ್ಟಮಿಗೆ ಡೇಟಾ ವರ್ಗಾವಣೆ ಆಗುವ ಮೊದಲ ಎರಡು ಮೂರು ತಿಂಗಳಲ್ಲೇ ತಪ್ಪು ಜಾಸ್ತಿ ಆಗೋದು, ಅದೇ ಹೊತ್ತಿನಲ್ಲಿ ನಿಮಗೆ ರಕ್ಷಣೆ ಇಲ್ಲ. ಇದನ್ನು ಸರಿಮಾಡೋಕೆ "ಪಾವತಿಸಿದ ಅಥವಾ ಪಾವತಿಸಬೇಕಾದ" ಅಂತ ಬರೆಸಿ. ಅದರ ಜೊತೆಗೆ "ಮೊದಲ ವರ್ಷದಲ್ಲಿ ಆದರೆ 12 ತಿಂಗಳಿಗೆ ಲೆಕ್ಕ ಹಾಕಿದ ಮೊತ್ತ" ಅಂತಲೂ ಸೇರಿಸಿದರೆ ತಂಟೆ ಇರಲ್ಲ.

ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ಇಂಥ ಕ್ಯಾಪ್ ಕೋರ್ಟಿನಲ್ಲಿ ನಿಲ್ಲುತ್ತಾ? ಅನ್ಯಾಯ ಅಂತ ಹೊಡೆದು ಹಾಕಲ್ವಾ?" ನಿಲ್ಲುತ್ತದೆ ಅಂತಲೇ ಅಂದುಕೊಂಡು ಓದಿ. 1996ರಲ್ಲಿ ಸುಪ್ರೀಂ ಕೋರ್ಟ್ ಭಾರತಿ ನಿಟ್ಟಿಂಗ್ ಕಂಪನಿ ವಿರುದ್ಧ ಡಿಎಚ್‌ಎಲ್ ಕೇಸಿನಲ್ಲಿ, ಕೊರಿಯರ್ ರಸೀತಿಯಲ್ಲಿದ್ದ 100 ಡಾಲರ್ ಮಿತಿಯನ್ನೇ ಎತ್ತಿ ಹಿಡಿಯಿತು. ಸಹಿ ಹಾಕಿದ ಮೇಲೆ ಷರತ್ತಿಗೆ ಕಟ್ಟುಬಿದ್ದ ಹಾಗೆ ಅನ್ನೋದು ಅಲ್ಲಿಯ ನಿಲುವು. ಎರಡು ಕಂಪನಿಗಳ ನಡುವೆ, ಇಬ್ಬರೂ ಓದಿ ಸಹಿ ಹಾಕಿದ ಅಗ್ರಿಮೆಂಟಿನಲ್ಲಿ, ಕೋರ್ಟು ಬಂದು ನಿಮ್ಮ ಕ್ಯಾಪನ್ನು ಏರಿಸಿ ಕೊಡುತ್ತದೆ ಅಂತ ನಂಬಿ ಕೂರಬೇಡಿ.

ಇಂಡೈರೆಕ್ಟ್ ನಷ್ಟ ಬಿಟ್ಟಿದ್ದಾರೆ ಅಂತ ತುಂಬಾ ಜನ ಗಾಬರಿ ಆಗ್ತಾರೆ. ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕಾಂಟ್ರಾಕ್ಟ್ ಆಕ್ಟಿನ ಸೆಕ್ಷನ್ 73 ಹೇಗೂ ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರ ಕೊಡಲ್ಲ. ನೋಡಬೇಕಾದ್ದು ಅದರ ಬೆನ್ನಿಗೇ ಬರುವ ಪಟ್ಟಿ. "ಡೇಟಾ ನಷ್ಟ, ನೇರವಾಗಿದ್ದರೂ ಪರೋಕ್ಷವಾಗಿದ್ದರೂ" ಅಂತ ಬರೆದಾಗ, ಕಾನೂನು ಕೊಡುತ್ತಿದ್ದ ನೇರ ನಷ್ಟವನ್ನೂ ನೀವೇ ಬಿಟ್ಟುಕೊಟ್ಟ ಹಾಗಾಯ್ತು. ಪೇರೋಲ್ ವೆಂಡರ್ ಕೈಯಲ್ಲಿ ಇರೋದೇ ಡೇಟಾ, ಅದು ಹೋದರೆ ಹೊಣೆ ಇಲ್ಲ ಅಂದರೆ ಇನ್ನು ಯಾವುದಕ್ಕೆ ಹೊಣೆ?

ಹಾಗೇ ಗಮನಿಸಿ, 13ರಲ್ಲಿ ಇರೋದು "ವೆಂಡರ್‌ನ ಒಟ್ಟು ಹೊಣೆ". ನಿಮ್ಮ ಹೊಣೆಗೆ ಮಿತಿಯೇ ಇಲ್ಲ. 6.4ರ ಜೊತೆ ಇದನ್ನು ಸೇರಿಸಿ ಓದಿ.

ಈಗ 11 ಮತ್ತು 13ರ ನಡುವಿನ ಗಂಟು. ಇಂಡೆಮ್ನಿಟಿ ಕ್ಯಾಪಿನ ಒಳಗಿದೆಯೋ ಹೊರಗಿದೆಯೋ? ನಮ್ಮ ಅಗ್ರಿಮೆಂಟಿನಲ್ಲಿ ಉತ್ತರ ಸ್ಪಷ್ಟ, ಒಳಗಿದೆ. ಆದರೆ ಎಷ್ಟೋ ಅಗ್ರಿಮೆಂಟುಗಳಲ್ಲಿ 11 ಹೇಳುತ್ತದೆ "13ಕ್ಕೆ ಒಳಪಟ್ಟು" ಅಂತ, 13 ಹೇಳುತ್ತದೆ "11ನ್ನು ಬಿಟ್ಟು" ಅಂತ. ಒಬ್ಬರ ಬೆರಳು ಇನ್ನೊಬ್ಬರ ಕಡೆ. ಬೇರೆ ಬೇರೆ ಹಳೇ ಡ್ರಾಫ್ಟುಗಳಿಂದ ಕಾಪಿ ಮಾಡಿದಾಗ ಹೀಗಾಗುತ್ತದೆ. ಜಗಳ ಬಂದ ದಿನ ಇಬ್ಬರೂ ತಮಗೆ ಬೇಕಾದ ಸಾಲನ್ನೇ ತೋರಿಸ್ತಾರೆ. ನೀವು ಮಾಡಬೇಕಾದ್ದು, 13ರಲ್ಲೇ ಒಂದು ವಾಕ್ಯ ಹಾಕಿಸೋದು: ಇಂತಿಂಥವು ಕ್ಯಾಪಿನ ಹೊರಗೆ, ಉಳಿದದ್ದೆಲ್ಲ ಒಳಗೆ. 11ರಲ್ಲಿರುವ "ಒಳಪಟ್ಟು" ಅನ್ನೋದನ್ನು ತೆಗೆಸೋದು.

ಟರ್ಮಿನೇಷನ್ 15ನೇ ಷರತ್ತು. ವೆಂಡರ್ ಕಾರಣ ಹೇಳದೆ 30 ದಿನದ ನೋಟಿಸ್ ಕೊಟ್ಟು ಹೋಗಬಹುದು. ಗ್ರಾಹಕರು ಹೋಗಬೇಕಾದರೆ ವೆಂಡರ್ ಮೆಟೀರಿಯಲ್ ಬ್ರೀಚ್ ಮಾಡಿರಬೇಕು, ಅಂದರೆ ಕರಾರನ್ನು ಗಂಭೀರವಾಗಿ ಮುರಿದಿರಬೇಕು, ಅದನ್ನು ಸರಿಪಡಿಸಲು 60 ದಿನ ಕೊಟ್ಟಿರಬೇಕು, ಆಗಲೂ ಸರಿಹೋಗಿರಬಾರದು. ಬೇರೆ ಕಾರಣಕ್ಕೆ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಪೂರ್ತಿ ಫೀಸು ಕಟ್ಟಬೇಕು.

ಸಂಬಳ ತಿಂಗಳಿಗೊಮ್ಮೆ. 60 ದಿನದ ಕ್ಯೂರ್ ಪೀರಿಯಡ್ ಅಂದರೆ ಎರಡು ಸಂಬಳ ಕೆಟ್ಟರೂ ನೀವು ಹೊರಗೆ ಬರೋ ಹಾಗಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. ಪ್ರತಿ ತಿಂಗಳೂ ತಪ್ಪು ಮಾಡಿ, ಪ್ರತಿ ಸಲವೂ ಒಂದು ವಾರದಲ್ಲಿ ಸರಿಮಾಡುವ ವೆಂಡರ್ ಎಂದಿಗೂ ಬ್ರೀಚಿನಲ್ಲಿ ಇರಲ್ಲ, ಯಾಕಂದ್ರೆ ಪ್ರತಿಯೊಂದೂ "ಕ್ಯೂರ್" ಆಗಿದೆ! ಅದಕ್ಕೆ ಮದ್ದು, "ಆರು ತಿಂಗಳಲ್ಲಿ ಮೂರು ಸಲ ಎಸ್‌ಎಲ್‌ಎ ತಪ್ಪಿದರೆ, ಸರಿಪಡಿಸಿದ್ದರೂ, ಅದು ಮೆಟೀರಿಯಲ್ ಬ್ರೀಚ್" ಅಂತ ಬರೆಸೋದು. ಜೊತೆಗೆ ಎಸ್‌ಎಲ್‌ಎ ಅನೆಕ್ಷರಿನಲ್ಲಿ "ಸೋಲ್ ಅಂಡ್ ಎಕ್ಸ್‌ಕ್ಲೂಸಿವ್ ರೆಮಿಡಿ" ಅಂತ ಇದೆಯಾ ನೋಡಿ. ನಮ್ಮ ಉದಾಹರಣೆಯಲ್ಲಿ ಇದೆ. ಸಂಬಳ ತಡವಾದರೆ ಆ ತಿಂಗಳ ಫೀಸಿನಲ್ಲಿ ನೂರಕ್ಕೆ 5 ಸರ್ವಿಸ್ ಕ್ರೆಡಿಟ್, ಅದೊಂದೇ ಪರಿಹಾರ. ಅಂದರೆ 10 ಸಾವಿರ ರೂಪಾಯಿ. ಅದೊಂದೇ ಅಂದ ಮೇಲೆ ನಷ್ಟ ಕೇಳೋಕೂ ಆಗಲ್ಲ, ಟರ್ಮಿನೇಟ್ ಮಾಡೋಕೂ ಆಗಲ್ಲ ಅಂತ ವೆಂಡರ್ ವಾದ ಮಾಡ್ತಾನೆ. 15ನೇ ಷರತ್ತನ್ನು ಎಷ್ಟೇ ಚೆನ್ನಾಗಿ ತಿದ್ದಿಸಿದರೂ, ಅನೆಕ್ಷರಿನ ಈ ಒಂದು ಸಾಲು ಅದನ್ನು ಕೆಡಿಸಬಲ್ಲದು.

ವೆಂಡರ್‌ನ 30 ದಿನದ ನೋಟಿಸ್ ಬಗ್ಗೆ ಜನ ಯೋಚನೆ ಮಾಡೋದು ಕಡಿಮೆ, ಆದರೆ ಅದೂ ಒಂದು ಕ್ಯಾಪೇ. 1991ರ ಇಂಡಿಯನ್ ಆಯಿಲ್ ವಿರುದ್ಧ ಅಮೃತಸರ ಗ್ಯಾಸ್ ಸರ್ವಿಸ್ ಕೇಸು ನೋಡಿ. ಗ್ಯಾಸ್ ಏಜೆನ್ಸಿಯನ್ನು ರದ್ದು ಮಾಡಿದ್ದು ಸರಿಯಲ್ಲ ಅಂತಾದರೂ, ಆ ಕರಾರನ್ನು 30 ದಿನದ ನೋಟಿಸಿನಿಂದ ಯಾರು ಬೇಕಾದರೂ ಮುಗಿಸಬಹುದಿತ್ತು, ಹಾಗಾಗಿ ಸಿಗುವುದು ಆ 30 ದಿನದ ಆದಾಯದ ನಷ್ಟ ಮಾತ್ರ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ವೆಂಡರ್ ಮಾರ್ಚ್ ತಿಂಗಳಲ್ಲಿ, ಟಿಡಿಎಸ್ ಕೆಲಸದ ನಡುವೆ, ಏಕಾಏಕಿ ಕೈಬಿಟ್ಟರೂ ಅವನು ಇದೇ ವಾದ ಹಿಡಿದು ಬರ್ತಾನೆ: "ಹೇಗೂ 30 ದಿನಕ್ಕೆ ಹೋಗಬಹುದಿತ್ತಲ್ಲ." ಅದಕ್ಕೇ ವೆಂಡರ್ ಕಾರಣವಿಲ್ಲದೆ ಬಿಡುವ ಹಕ್ಕನ್ನೇ ತೆಗೆಸಿ. ಒಪ್ಪದಿದ್ದರೆ ಕನಿಷ್ಠ 120 ದಿನ ಕೇಳಿ.

ಈಗ ಎಲ್ಲವನ್ನೂ ಒಟ್ಟಿಗೆ ಓಡಿಸಿ ನೋಡೋಣ. 14ನೇ ತಿಂಗಳ ಕೊನೆ. ವೆಂಡರ್ ಕಡೆಯವರು ಒಂದು ಫೋಲ್ಡರನ್ನು ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟರು. 600 ಜನರ ಪ್ಯಾನ್ ನಂಬರು, ಬ್ಯಾಂಕ್ ಖಾತೆ, ಸಂಬಳದ ವಿವರ ಹೊರಗೆ ಹೋಯ್ತು. ಕಾರ್ಖಾನೆಗೆ ಆದ ಖರ್ಚು: ಏನಾಯ್ತು ಅಂತ ಪತ್ತೆ ಹಚ್ಚುವ ಫೊರೆನ್ಸಿಕ್ ತಂಡಕ್ಕೆ 8 ಲಕ್ಷ, ವಕೀಲರು ಮತ್ತು ನೋಟಿಸುಗಳಿಗೆ 4 ಲಕ್ಷ, ಬೇರೆಯವರಿಂದ ತುರ್ತಾಗಿ ಸಂಬಳ ಮಾಡಿಸಿದ್ದಕ್ಕೆ 3 ಲಕ್ಷ, ಮೋಸಹೋದ ಕೆಲಸಗಾರರಿಗೆ ಕಂಪನಿಯೇ ಕೊಟ್ಟದ್ದು 5 ಲಕ್ಷ. ಒಟ್ಟು 20 ಲಕ್ಷ.

ಇಂಡೆಮ್ನಿಟಿಯಿಂದ ಎಷ್ಟು ಸಿಗುತ್ತದೆ? ಮೊದಲ 15 ಲಕ್ಷ ನಿಮ್ಮದೇ ಖರ್ಚು, ಮೂರನೆಯವರ ಕ್ಲೇಮ್ ಅಲ್ಲ. ಕೆಲಸಗಾರರಿಗೆ ಕೊಟ್ಟ 5 ಲಕ್ಷಕ್ಕೆ ಕೋರ್ಟಿನ ತೀರ್ಮಾನ ಇಲ್ಲ. ಹಾಗಾಗಿ ಏನೂ ಇಲ್ಲ. ಕರಾರು ಮುರಿದದ್ದಕ್ಕೆ ಸೆಕ್ಷನ್ 73ರ ಕೆಳಗೆ ಪರಿಹಾರ ಕೇಳ್ತೀರಿ. ಡೇಟಾ ನಷ್ಟ ಹೊರಗಿದೆ ಅಂತ ವೆಂಡರ್ ಅಡ್ಡ ಬರ್ತಾನೆ. ಅದನ್ನೂ ಗೆದ್ದಿರಿ ಅಂದುಕೊಳ್ಳೋಣ, ಕ್ಯಾಪ್ ಮೂರು ತಿಂಗಳ ಫೀಸು, 6 ಲಕ್ಷ. ಉಳಿದ 14 ಲಕ್ಷ ನಿಮ್ಮದೇ. ಸಾಕಪ್ಪ ಅಂತ ಬಿಡೋಣ ಅಂದರೆ, ವೆಂಡರ್ ಎರಡೇ ದಿನದಲ್ಲಿ ಫೋಲ್ಡರ್ ಮುಚ್ಚಿ "ಕ್ಯೂರ್ ಆಗಿದೆ" ಅಂತ ಪತ್ರ ಬರೀತಾನೆ. ಬಿಟ್ಟರೆ ಉಳಿದ 22 ತಿಂಗಳ 44 ಲಕ್ಷ ಕಟ್ಟಿ ಅಂತಾನೆ. ಈ 44 ಲಕ್ಷ ಪೂರ್ತಿ ಅವನಿಗೆ ಸಿಕ್ಕೇ ಸಿಗುತ್ತದೆ ಅಂತೇನಿಲ್ಲ. ಕರಾರು ಮುರಿದಿದ್ದಕ್ಕೆ ಗೊತ್ತು ಮಾಡಿದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಕೊಡಬೇಕು ಅನ್ನೋದು ಸೆಕ್ಷನ್ 74, 2015ರ ಕೈಲಾಶ್ ನಾಥ್ ಕೇಸು ಕೂಡ ಇದನ್ನೇ ಬಿಡಿಸಿ ಹೇಳಿದೆ. ಆದರೆ ಅದನ್ನು ಸಾಧಿಸೋಕೆ ವರ್ಷಗಟ್ಟಲೆ ಆರ್ಬಿಟ್ರೇಷನ್ ನಡೆಸಬೇಕು.

ಇದರ ಮೇಲೆ 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ ಇದೆ. ಅದರ ಜಾರಿ ಹಂತ ಹಂತವಾಗಿ ಆಗ್ತಾ ಇದೆ. ಡೇಟಾ ಸುರಕ್ಷತೆಗೆ ತಕ್ಕ ಕ್ರಮ ತೆಗೆದುಕೊಳ್ಳದಿದ್ದರೆ ದಂಡ 250 ಕೋಟಿವರೆಗೂ ಹೋಗಬಹುದು. ಕೆಲಸ ವೆಂಡರ್‌ಗೆ ಕೊಟ್ಟಿದ್ದರೂ, ಅಗ್ರಿಮೆಂಟಿನಲ್ಲಿ ಏನೇ ಬರೆದಿದ್ದರೂ, ಕಾಯ್ದೆಯ ಮುಂದೆ ಹೊಣೆ ಕಾರ್ಖಾನೆಯದ್ದೇ. ವೆಂಡರ್‌ನಿಂದ ವಾಪಸ್ ಪಡೆಯೋದು ನಿಮ್ಮಿಬ್ಬರ ನಡುವಿನ ಮಾತು, ಅದು ಇರೋದು ಈ ಷರತ್ತುಗಳಲ್ಲಿ. ಸರ್ಕಾರಿ ಸಂಸ್ಥೆಗಳ ವಿಚಾರಣೆಯ ಖರ್ಚು "ಮೂರನೆಯವರ ಕ್ಲೇಮ್" ಅನ್ನೋದರಲ್ಲಿ ಬರುತ್ತದಾ ಅನ್ನೋ ಗೊಂದಲ ಬೇಡ, ಅದನ್ನು ಹೆಸರಿಟ್ಟು ಸೇರಿಸಿ.

ಹಾಗಾದರೆ ಏನು ಕೇಳಬೇಕು? "ಅನ್‌ಲಿಮಿಟೆಡ್ ಹೊಣೆ ಕೊಡಿ" ಅಂತ ಹಟ ಹಿಡಿಯೋದು ನನಗೆ ಸರಿ ಕಾಣಲ್ಲ. ವರ್ಷಕ್ಕೆ 24 ಲಕ್ಷ ಪಡೆಯುವ ಸಣ್ಣ ವೆಂಡರ್ ಕಾಗದದಲ್ಲಿ ಒಪ್ಪಿಕೊಂಡರೂ ಅವನ ಹತ್ತಿರ ಕೊಡೋಕೆ ದುಡ್ಡು ಇರಲ್ಲ. ನಾನು ಕೇಳೋದು ಎರಡು ಹಂತದ ಕ್ಯಾಪ್. ಸಾಮಾನ್ಯ ತಪ್ಪಿಗೆ 12 ತಿಂಗಳ ಫೀಸು, ಅಂದರೆ 24 ಲಕ್ಷ. ಡೇಟಾ ಸೋರಿಕೆಗೆ ಬೇರೆಯೇ ಒಂದು ದೊಡ್ಡ ಕ್ಯಾಪ್, ಇದನ್ನು ಸೂಪರ್ ಕ್ಯಾಪ್ ಅಂತಾರೆ, 72 ಲಕ್ಷವೋ, ಅವರ ಸೈಬರ್ ಇನ್ಶೂರೆನ್ಸ್ ಮೊತ್ತವೋ, ಯಾವುದು ಜಾಸ್ತಿಯೋ ಅದು. ಇನ್ಶೂರೆನ್ಸ್ ಸರ್ಟಿಫಿಕೇಟ್ ಪ್ರತಿ ವರ್ಷ ಕಳಿಸಬೇಕು ಅಂತಲೂ ಬರೆಸಿ. ಮೋಸ, ಬೇಕೆಂದೇ ಮಾಡಿದ ತಪ್ಪು, ಬೇರೆಯವರ ಸಾಫ್ಟ್‌ವೇರ್ ಕದ್ದು ಬಳಸಿದ್ದಕ್ಕೆ ಬರುವ ಕೇಸು, ಇವಿಷ್ಟಕ್ಕೆ ಮಾತ್ರ ಕ್ಯಾಪ್ ಬೇಡ. ಇಂಡೆಮ್ನಿಟಿಯಲ್ಲಿ ಫೊರೆನ್ಸಿಕ್, ನೋಟಿಸ್, ಬದಲಿ ಸೇವೆ, ಕೆಲಸಗಾರರಿಗೆ ಕೊಟ್ಟ ನ್ಯಾಯವಾದ ಪರಿಹಾರ, ಇವನ್ನು ಹೆಸರಿಟ್ಟು ಬರೆಯಿರಿ. ಆಗ ಅದೇ 20 ಲಕ್ಷ ಪೂರ್ತಿ ಕೇಳುವ ಹಕ್ಕು ನಿಮ್ಮ ಕೈಲಿರುತ್ತದೆ. ನಿಮ್ಮ ಹೊಣೆಗೂ ಅದೇ 24 ಲಕ್ಷದ ಮಿತಿ ಹಾಕಿಸೋದು ಮರೀಬೇಡಿ, ವೆಂಡರ್‌ಗೆ ಇದನ್ನು ಬೇಡ ಅನ್ನೋಕೆ ಕಾರಣ ಸಿಗೋದು ಕಷ್ಟ.

ಕೊನೆಗೆ ಒಬ್ಬ ಅಕೌಂಟ್ಸ್ ಮೇಡಂ ಕೇಳಿದ ಪ್ರಶ್ನೆ ತುಂಬಾ ಒಳ್ಳೆಯದಿತ್ತು. "ನಾವು ಬಿಟ್ಟು ಹೋದ ಮೇಲೆ ನಮ್ಮ ಡೇಟಾ?" ಈ ಅಗ್ರಿಮೆಂಟಿನಲ್ಲಿ "ಎಲ್ಲ ಬಾಕಿ ಪಾವತಿಯಾದ ನಂತರ" ಡೇಟಾ ಕೊಡ್ತೀವಿ ಅಂತಿದೆ. ಬಾಕಿ ಎಷ್ಟು ಅಂತ ಹೇಳೋದು ವೆಂಡರ್. 44 ಲಕ್ಷ ಬಾಕಿ ಅಂತ ಅವನು ಕೂತರೆ, ಮುಂದಿನ ತಿಂಗಳ ಸಂಬಳ ಮಾಡೋಕೆ ನಿಮ್ಮ ಹತ್ತಿರ ಏನೂ ಇರಲ್ಲ, ಆ ಒತ್ತಡಕ್ಕೇ ದುಡ್ಡು ಕಟ್ಟಿಬಿಡ್ತೀರಿ. ಅದಕ್ಕೆ ಈ ಸಾಲನ್ನು ಬೇರೆಯೇ ಮಾಡಿ: ತಕರಾರು ಇದ್ದರೂ, ನೋಟಿಸ್ ತಲುಪಿದ 10 ದಿನದಲ್ಲಿ ಪೂರ್ತಿ ಡೇಟಾವನ್ನು ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಕೊಡಬೇಕು, ಹಳೇ ದರಕ್ಕೇ 90 ದಿನ ಸೇವೆ ಮುಂದುವರಿಸಬೇಕು. ಈ ಷರತ್ತು, ಇಂಡೆಮ್ನಿಟಿ, ಕ್ಯಾಪ್ ಮೂರೂ ಟರ್ಮಿನೇಷನ್ ಆದ ಮೇಲೂ ಉಳಿಯುತ್ತವೆ ಅಂತ ಸರ್ವೈವಲ್ ಷರತ್ತಿನಲ್ಲಿ ನಂಬರ್ ಸಮೇತ ಇರಲಿ. ಮತ್ತೆ ಅನೆಕ್ಷರಿನಲ್ಲಿ ಆಟೋ ರಿನ್ಯೂವಲ್ ಇದ್ದೇ ಇರುತ್ತದೆ. ನಮ್ಮದರಲ್ಲಿ ಅವಧಿ ಮುಗಿಯುವ 90 ದಿನ ಮೊದಲು ಬೇಡ ಅಂತ ಹೇಳದಿದ್ದರೆ ಇನ್ನೂ ಮೂರು ವರ್ಷ. ಅಗ್ರಿಮೆಂಟ್ ಮಾರ್ಚ್ 31ಕ್ಕೆ ಮುಗಿದರೆ ಡಿಸೆಂಬರ್ ಕೊನೆಯೊಳಗೆ ನೋಟಿಸ್ ತಲುಪಿರಬೇಕು. ನವೆಂಬರ್ 30ಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಇಮೇಲ್ ಸಾಕೋ ರಿಜಿಸ್ಟರ್ಡ್ ಪೋಸ್ಟೇ ಆಗಬೇಕೋ ಅಂತ ನೋಟಿಸ್ ಷರತ್ತಿನಲ್ಲಿ ಇವತ್ತೇ ನೋಡಿಟ್ಟುಕೊಳ್ಳಿ.